ಇನ್ವರ್ಟಿಂಗ್ ಆಂಪ್ಲಿಫೈಯರ್: 5 ವೋಲ್ಟ್ ಬರಬೇಕಾದಲ್ಲಿ 3.5 ಯಾಕೆ ಬಂತು?

ಇನ್ವರ್ಟಿಂಗ್ ಆಂಪ್ಲಿಫೈಯರ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಸೂತ್ರ ಒಂದೇ. Rf ಅನ್ನು R1ರಿಂದ ಭಾಗಿಸಿ, ಮುಂದೆ ಮೈನಸ್ ಹಾಕಿ. R1 1 ಕಿಲೋಓಮ್, Rf 100 ಕಿಲೋಓಮ್ ಇದ್ದರೆ ಗೇನ್ −100. ಇನ್‌ಪುಟ್‌ಗೆ 50 ಮಿಲಿವೋಲ್ಟ್ ಕೊಟ್ಟರೆ ಔಟ್‌ಪುಟ್ −5 ವೋಲ್ಟ್.

ಈಗ ಇದೇ ಸರ್ಕ್ಯೂಟ್‌ಗೆ 741 ಐಸಿ ಹಾಕಿ, 50 ಮಿಲಿವೋಲ್ಟ್ ಪೀಕ್ ಇರುವ 10 ಕಿಲೋಹರ್ಟ್ಸ್ ಸೈನ್ ವೇವ್ ಕೊಡಿ. ಸ್ಕೋಪ್‌ನಲ್ಲಿ ಸುಮಾರು 3.5 ವೋಲ್ಟ್ ಪೀಕ್ ಮಾತ್ರ ಕಾಣುತ್ತದೆ. ರೆಸಿಸ್ಟರ್ ಸರಿಯಿದೆ, ಐಸಿಯೂ ಸುಟ್ಟಿಲ್ಲ. ನಾವು ಬಳಸಿದ ಸೂತ್ರವೇ ಆಪ್-ಆಂಪ್‌ನ ಓಪನ್-ಲೂಪ್ ಗೇನ್ ಅನಂತ ಅಂತ ಇಟ್ಟುಕೊಂಡದ್ದು. ನಿಜವಾದ ಐಸಿಯಲ್ಲಿ ಅದಕ್ಕೊಂದು ಮಿತಿ ಇದೆ. ಆ ಮಿತಿಯನ್ನು ಸೇರಿಸಿ ಲೆಕ್ಕ ಹಾಕುವುದು ಹೇಗೆ, ನೋಡೋಣ.

ಮೊದಲು ಸೂತ್ರ

ಓಪನ್-ಲೂಪ್ ಗೇನ್ ಅನ್ನು A ಅನ್ನೋಣ. ಪ್ಲಸ್ ಇನ್‌ಪುಟ್ ಗ್ರೌಂಡ್‌ಗೆ ಸೇರಿದೆ. ಹಾಗಾಗಿ ಔಟ್‌ಪುಟ್‌ನಲ್ಲಿ Vo ಬರಬೇಕಾದರೆ ಮೈನಸ್ ಇನ್‌ಪುಟ್‌ನಲ್ಲಿ −Vo/A ಇರಲೇಬೇಕು. ಅಂದರೆ ನಾವು 'ವರ್ಚುವಲ್ ಗ್ರೌಂಡ್' ಅಂತ ಕರೆಯುವ ಜಾಗ ಪೂರ್ತಿ ಸೊನ್ನೆ ವೋಲ್ಟ್ ಅಲ್ಲ. ಆ ಸಣ್ಣ ವೋಲ್ಟೇಜನ್ನು Vn ಅನ್ನೋಣ. ಆಪ್-ಆಂಪ್ ಇನ್‌ಪುಟ್‌ಗೆ ಕರೆಂಟ್ ಹೋಗುವುದು ತೀರಾ ಕಡಿಮೆ, ಅದನ್ನು ಬಿಡಿ. ಆಗ R1ರಲ್ಲಿ ಬಂದ ಕರೆಂಟೆಲ್ಲ Rf ಮೂಲಕವೇ ಹೋಗಬೇಕು:

```
(Vin - Vn)/R1 = (Vn - Vo)/Rf
Vn = -Vo/A

Vo = -Vin × (Rf/R1) / [1 + (1 + Rf/R1)/A]
```

ಮೇಲಿನ ಭಾಗ ನಮ್ಮ ಹಳೆಯ ಸೂತ್ರವೇ. ಹೊಸದು ಕೆಳಗಿನ ಚೌಕ ಕಂಸ. ಅದರಲ್ಲಿ A ಜೊತೆ ಹೋಲಿಸುತ್ತಿರುವುದು 100 ಅಲ್ಲ, 101. ಈ 1 + Rf/R1ಗೆ ನಾಯ್ಸ್ ಗೇನ್ ಎನ್ನುತ್ತಾರೆ. 100 ಇದ್ದಾಗ ಈ ಒಂದರಿಂದ ಏನೂ ಆಗುವುದಿಲ್ಲ. ಆದರೆ ಗೇನ್ −1 ಇರುವ ಸರ್ಕ್ಯೂಟ್‌ನಲ್ಲಿ ನಾಯ್ಸ್ ಗೇನ್ 2. ಅಲ್ಲಿ ಒಂದನ್ನು ಮರೆತರೆ ತಪ್ಪಿನ ಅಂದಾಜು ಅರ್ಧಕ್ಕೆ ಇಳಿದುಬಿಡುತ್ತದೆ.

ಡಿಸಿಗೆ ಲೆಕ್ಕ

741ರ ಡೇಟಾಶೀಟ್‌ನಲ್ಲಿ A ಸಾಮಾನ್ಯವಾಗಿ 2,00,000 ಅಂತ ಇರುತ್ತದೆ. 101 ಭಾಗಿಸು 2,00,000 ಅಂದರೆ 0.0005. ಔಟ್‌ಪುಟ್ −4.9975 ವೋಲ್ಟ್. ತಲೆ ಕೆಡಿಸಿಕೊಳ್ಳುವಂಥದ್ದೇನಲ್ಲ.

ಆದರೆ ಅದೇ ಡೇಟಾಶೀಟ್‌ನಲ್ಲಿ ಕಮರ್ಷಿಯಲ್ ಗ್ರೇಡ್ 741ಗೆ Aಯ ಕನಿಷ್ಠ ಮೌಲ್ಯ 20,000 ಅಂತಲೂ ಇದೆ. ಡಿಸೈನ್ ಮಾಡುವವರು ನೋಡಬೇಕಾದದ್ದು ಇದನ್ನೇ. ಈಗ ಛೇದ 1.00505, ಔಟ್‌ಪುಟ್ −4.9749 ವೋಲ್ಟ್. ಲೆಕ್ಕ ಸರಿಯಾ ಅಂತ ತಿರುಗಿಸಿ ನೋಡಬಹುದು. Vn ಸುಮಾರು 0.249 ಮಿಲಿವೋಲ್ಟ್. R1 ಮೇಲೆ ಉಳಿಯುವುದು 49.751 ಮಿಲಿವೋಲ್ಟ್, ಕರೆಂಟ್ 49.751 ಮೈಕ್ರೋಆಂಪ್. ಅದು 100 ಕಿಲೋಓಮ್‌ನಲ್ಲಿ ಹರಿದರೆ 4.9751 ವೋಲ್ಟ್ ಇಳಿಕೆ. Vnನಿಂದ ಅಷ್ಟು ಕಳೆದರೆ ಮತ್ತೆ −4.9749. ತಾಳೆಯಾಯಿತು.

ಈ 25 ಮಿಲಿವೋಲ್ಟ್ ವ್ಯತ್ಯಾಸವನ್ನು ಮಲ್ಟಿಮೀಟರ್‌ನಲ್ಲಿ ಹುಡುಕಲು ಹೋಗಬೇಡಿ, ಸುಮ್ನೆ ಹೊತ್ತು ಹಾಳು. 741ರ ಇನ್‌ಪುಟ್ ಆಫ್‌ಸೆಟ್ 2 ಮಿಲಿವೋಲ್ಟ್ ಇದ್ದರೂ ಅದು 101 ಪಟ್ಟಾಗಿ ಔಟ್‌ಪುಟ್‌ನಲ್ಲಿ 0.2 ವೋಲ್ಟ್ ಆಗಿ ಕೂತಿರುತ್ತದೆ. ಒಂದು ಪರ್ಸೆಂಟ್ ರೆಸಿಸ್ಟರ್ ಎರಡು ಸೇರಿದರೆ ಗೇನ್ ಎರಡು ಪರ್ಸೆಂಟ್‌ವರೆಗೂ ಆಚೀಚೆ ಆಗಬಹುದು. ಡಿಸಿಯಲ್ಲಿ A ಮಾಡುವ ತಪ್ಪು ಇವೆರಡರ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ನಿಜವಾದ ಪೆಟ್ಟು ಫ್ರೀಕ್ವೆನ್ಸಿಯಲ್ಲಿ

1968ರಲ್ಲಿ ಫೇರ್‌ಚೈಲ್ಡ್ ಕಂಪನಿ ಹೊರತಂದ 741ರ ಚಿಪ್ ಒಳಗೇ 30 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರ್ ಇತ್ತು. ಆಸಿಲೇಟ್ ಆಗದಿರಲಿ ಅಂತ ಹಾಕಿದ್ದು. ಅದರಿಂದಾಗಿ A ಸುಮಾರು 5 ಹರ್ಟ್ಸ್‌ನಿಂದಲೇ ಇಳಿಯತೊಡಗುತ್ತದೆ. ಫ್ರೀಕ್ವೆನ್ಸಿ ಹತ್ತು ಪಟ್ಟಾದರೆ A ಹತ್ತನೇ ಒಂದು ಭಾಗ. ಹಾಗಾಗಿ ಎರಡರ ಗುಣಲಬ್ಧ ಸುಮಾರು 1 ಮೆಗಾಹರ್ಟ್ಸ್‌ಗೆ ನಿಂತಿರುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ A ಬರೀ 1000, 10 ಕಿಲೋಹರ್ಟ್ಸ್‌ನಲ್ಲಿ 100. ಎರಡು ಲಕ್ಷ ಎಲ್ಲಿ, ನೂರು ಎಲ್ಲಿ!

ಈ 100 ಅನ್ನು ಸೂತ್ರಕ್ಕೆ ಹಾಗೇ ಹಾಕಿದರೆ ಛೇದ 1 + 1.01, ಅಂದರೆ 2.01. ಗೇನ್ 49.8, ಔಟ್‌ಪುಟ್ ಸುಮಾರು 2.5 ವೋಲ್ಟ್. ಸ್ಕೋಪ್ ತೋರಿಸಿದ್ದು 3.5. ಹೆಚ್ಚಿನವರು ಎಡವುವುದು ಇಲ್ಲೇ. ಆ ಕೆಪಾಸಿಟರ್‌ನಿಂದ A ಚಿಕ್ಕದಾಗುವುದಷ್ಟೇ ಅಲ್ಲ, ಅದರ ಫೇಸ್ 90 ಡಿಗ್ರಿ ಹಿಂದೆ ಬೀಳುತ್ತದೆ. ಆದ್ದರಿಂದ 1 ಮತ್ತು 1.01 ನೇರವಾಗಿ ಕೂಡುವುದಿಲ್ಲ, ಲಂಬಕೋನ ತ್ರಿಭುಜದ ಎರಡು ಬಾಹುಗಳಂತೆ ಕೂಡುತ್ತವೆ:

```
|Vo/Vin| = (Rf/R1) / sqrt(1 + x^2)
x = (1 + Rf/R1) × f / GBW
```

GBW ಅಂದರೆ ಆ 1 ಮೆಗಾಹರ್ಟ್ಸ್. 10 ಕಿಲೋಹರ್ಟ್ಸ್‌ನಲ್ಲಿ x 1.01, ವರ್ಗಮೂಲ 1.421, ಗೇನ್ 70.4, ಔಟ್‌ಪುಟ್ 3.52 ವೋಲ್ಟ್. ಈಗ ಸರಿಹೋಯಿತು. 1 ಕಿಲೋಹರ್ಟ್ಸ್‌ಗೂ ಹಾಕಿ ನೋಡಿ. x 0.101, ಗೇನ್ 99.5. ನೇರವಾಗಿ ಕೂಡಿದ್ದರೆ 90.8 ಬಂದು, ಇಲ್ಲದ ತಪ್ಪನ್ನು ಹುಡುಕುತ್ತಾ ಕೂರಬೇಕಾಗುತ್ತಿತ್ತು. ಆದರೆ ಗೇನ್ ಸರಿಯಿದ್ದರೂ ಫೇಸ್ ಅಷ್ಟು ಸಾಧು ಅಲ್ಲ: 1 ಕಿಲೋಹರ್ಟ್ಸ್‌ಗೇ ಸುಮಾರು 6 ಡಿಗ್ರಿ ಹಿಂದೆ ಬಿದ್ದಿರುತ್ತದೆ.

ಕಣ್ಣಾರೆ ನೋಡುವುದು

×10ಕ್ಕೆ ಇಟ್ಟ ಪ್ರೋಬನ್ನು 741ರ 2ನೇ ಪಿನ್‌ಗೆ ಹಿಡಿಯಿರಿ. ಪುಸ್ತಕದ ಪ್ರಕಾರ ಅಲ್ಲಿ ಏನೂ ಇರಬಾರದು. 10 ಕಿಲೋಹರ್ಟ್ಸ್‌ನಲ್ಲಿ ಅಲ್ಲಿ 3.52 ಭಾಗಿಸು 100, ಅಂದರೆ 35 ಮಿಲಿವೋಲ್ಟ್ ಪೀಕ್‌ನ ಸೈನ್ ವೇವ್ ಕುಣಿಯುತ್ತಿರುತ್ತದೆ. ಕೊಟ್ಟ ಇನ್‌ಪುಟ್ಟೇ 50 ಮಿಲಿವೋಲ್ಟ್, ಅಲ್ವಾ? ಹಾಗಿದ್ದರೆ R1 ಮೇಲೆ ಉಳಿಯುವುದು 15 ಅಂದುಕೊಳ್ಳಬೇಡಿ. ಅಲ್ಲಿಯೂ ಫೇಸ್ ಲೆಕ್ಕಕ್ಕೆ ಬರುತ್ತದೆ, ಸುಮಾರು 35 ಮಿಲಿವೋಲ್ಟೇ ಉಳಿಯುತ್ತದೆ. ಫ್ರೀಕ್ವೆನ್ಸಿಯನ್ನು 1 ಕಿಲೋಹರ್ಟ್ಸ್‌ಗೆ ಇಳಿಸಿದರೆ 2ನೇ ಪಿನ್‌ನ ವೇವ್ 5 ಮಿಲಿವೋಲ್ಟ್‌ಗೆ ಕುಗ್ಗುತ್ತದೆ.

ಔಟ್‌ಪುಟ್ ಕಡಿಮೆ ಬರಲು ಸ್ಲೂ ರೇಟ್, ಅಂದರೆ ಔಟ್‌ಪುಟ್ ವೋಲ್ಟೇಜ್ ಬದಲಾಗುವ ವೇಗಕ್ಕಿರುವ ಮಿತಿ ಕೂಡ ಕಾರಣ ಆಗಬಹುದು. ಗುರುತಿಸುವುದು ಸುಲಭ. ಸ್ಲೂ ರೇಟ್ ಆದರೆ ಸೈನ್ ವೇವ್ ತ್ರಿಕೋನದ ಆಕಾರಕ್ಕೆ ತಿರುಗುತ್ತದೆ, ಇನ್‌ಪುಟ್ ತಗ್ಗಿಸಿದರೆ ಗೇನ್ ವಾಪಸ್ ಬರುತ್ತದೆ. A ಸಾಲದೆ ಹೋದರೆ ಆಕಾರ ಚೆನ್ನಾಗಿಯೇ ಇರುತ್ತದೆ, ಇನ್‌ಪುಟ್ ಎಷ್ಟೇ ತಗ್ಗಿಸಿದರೂ ಗೇನ್ 70ರಲ್ಲೇ ಇರುತ್ತದೆ. ನಮ್ಮ ಕೇಸ್‌ನಲ್ಲಿ ಬೇಕಾದದ್ದು ಮೈಕ್ರೋಸೆಕೆಂಡಿಗೆ 0.22 ವೋಲ್ಟ್, 741 ಸುಮಾರು 0.5 ಕೊಡುತ್ತದೆ. ಹಾಗಾಗಿ ಸ್ಲೂ ರೇಟ್ ತಪ್ಪಿತಸ್ಥ ಅಲ್ಲ.

ಪರಿಹಾರ

ಮೊದಲು ಹೊಳೆಯುವುದು ವೇಗದ ಐಸಿ ಹಾಕುವುದು. GBW 3 ಮೆಗಾಹರ್ಟ್ಸ್ ಇರುವ ಆಪ್-ಆಂಪ್ ಹಾಕಿದರೆ x 0.337ಕ್ಕೆ ಇಳಿದು ಗೇನ್ 94.8ಕ್ಕೆ ಏರುತ್ತದೆ. ಪರವಾಗಿಲ್ಲ. ಆದರೆ ಅದೇ ಹಳೆಯ 741 ಎರಡನ್ನು ತಗೊಂಡು, ಒಂದೊಂದಕ್ಕೂ −10 ಗೇನ್ ಇಟ್ಟು ಸಾಲಾಗಿ ಜೋಡಿಸಿ. ಪ್ರತಿ ಹಂತದ ನಾಯ್ಸ್ ಗೇನ್ 11, x 0.11, ಗೇನ್ 9.94. ಎರಡೂ ಗುಣಿಸಿದರೆ 98.8. ಎರಡು ಸಲ ತಿರುಗುವುದರಿಂದ ಔಟ್‌ಪುಟ್ ಪ್ಲಸ್ ಆಗಿ ಬರುತ್ತದೆ. ಮೈನಸ್ಸೇ ಬೇಕಿದ್ದರೆ ಒಂದು ಹಂತವನ್ನು ನಾನ್-ಇನ್ವರ್ಟಿಂಗ್ ಮಾಡಿಕೊಳ್ಳಿ.