ಗೆರೆಯ ಎಡಗಡೆ ನೋಡಿ: ಫ್ಲಿಪ್-ಫ್ಲಾಪ್ ಟೈಮಿಂಗ್ ಡಯಾಗ್ರಾಮ್ ನಾನು ಓದುವ ಬಗೆ

ಕುಮಟಾದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ. ಟೈಮಿಂಗ್ ಡಯಾಗ್ರಾಮ್ ಬಂತೆಂದರೆ ಎಲ್ಲರ ಕಣ್ಣು ಮೊದಲು ಡಿ ಇನ್‌ಪುಟ್ ಮೇಲೆ ಹೋಗುತ್ತದೆ. ನಾನು ಅದನ್ನು ಕಾಗದದಿಂದ ಮುಚ್ಚಿಸುತ್ತೇನೆ. ಮೊದಲು ಕ್ಲಾಕ್ ಮಾತ್ರ. 7474 ಐಸಿಯ ಫ್ಲಿಪ್-ಫ್ಲಾಪ್ ಕ್ಲಾಕ್ ಏರುವ ಕ್ಷಣದಲ್ಲಿ ಮಾತ್ರ ಡಿಯ ಬೆಲೆ ಹಿಡಿದು ಕ್ಯೂ ಔಟ್‌ಪುಟ್‌ಗೆ ಕೊಡುತ್ತದೆ, ಹಾಗಾಗಿ ಕ್ಲಾಕ್ ಏರುವ ಕಡೆಯಲ್ಲೆಲ್ಲ ಪೆನ್ಸಿಲ್‌ನಿಂದ ಮೇಲಿಂದ ಕೆಳಗೆ ನೇರ ಗೆರೆ ಎಳೆಯುತ್ತೇವೆ. ಚಿಹ್ನೆಯಲ್ಲಿ ಕ್ಲಾಕ್‌ನ ತ್ರಿಕೋನದ ಮುಂದೆ ಸಣ್ಣ ಸೊನ್ನೆ ಇದ್ದರೆ ಮಾತ್ರ ಇಳಿಯುವ ಕಡೆ ಗೆರೆ.

ಒಂದು ಲೆಕ್ಕ ನೋಡಿ. ಕ್ಲಾಕ್ 10, 20, 30, 40 ಮೈಕ್ರೋಸೆಕೆಂಡಿಗೆ ಏರುತ್ತದೆ, ಪ್ರತಿ ಸಲ 5 ಮೈಕ್ರೋಸೆಕೆಂಡ್ ಮೇಲಿರುತ್ತದೆ. ಡಿ 12ಕ್ಕೆ ಏರಿ 17ಕ್ಕೆ ಇಳಿಯುತ್ತದೆ. ಮತ್ತೆ 24ಕ್ಕೆ ಏರಿ 36ಕ್ಕೆ ಇಳಿಯುತ್ತದೆ. ಕ್ಯೂ ಮೊದಲಿಗೆ 0.

ಈಗ ಕಾಗದ ತೆಗೆದು ಗೆರೆಗಳ ಹತ್ತಿರ ಮಾತ್ರ ಡಿ ಓದಿ. 10ರಲ್ಲಿ 0, 20ರಲ್ಲಿ 0, 30ರಲ್ಲಿ 1, 40ರಲ್ಲಿ 0. ಹಾಗಾಗಿ ಕ್ಯೂ 30ರಿಂದ 40ರವರೆಗೆ ಮಾತ್ರ ಮೇಲೆ. 12ರಿಂದ 17ರ ಪಲ್ಸ್ ಎರಡು ಗೆರೆಗಳ ನಡುವೆ ಬಂದು ಹೋಯಿತು, ಕ್ಯೂಗೆ ಗೊತ್ತೇ ಆಗಲಿಲ್ಲ. ಯಾರಾದರೂ ಕ್ಯೂವನ್ನು 12ಕ್ಕೆ ಏರಿಸಿ 20ಕ್ಕೆ ಇಳಿಸಿದ್ದರೆ, ಅವರು ಬರೆದದ್ದು ಲ್ಯಾಚ್‌ನ ಉತ್ತರ. ಲ್ಯಾಚ್‌ಗೆ ಕ್ಲಾಕ್ ಮೇಲಿರುವಷ್ಟು ಹೊತ್ತೂ ಬಾಗಿಲು ತೆರೆದೇ ಇರುತ್ತದೆ. ಗೆರೆ ಇಲ್ಲದ ಕಡೆ ಕ್ಯೂ ಬದಲಾಗಿದೆಯಾ ಅಂತ ನೋಡಿದರೆ ಈ ತಪ್ಪು ತಕ್ಷಣ ಸಿಗುತ್ತದೆ. ಆದರೆ ಕ್ಯೂವನ್ನು 0 ಮಾಡುವ ಕ್ಲಿಯರ್, 1 ಮಾಡುವ ಪ್ರಿಸೆಟ್ ಪಿನ್‌ಗಳನ್ನೂ ಒಮ್ಮೆ ನೋಡಿಬಿಡಿ. 7474ರಲ್ಲಿ ಇವು 0 ಆದ ತಕ್ಷಣ ಕ್ಲಾಕ್‌ಗೆ ಕಾಯದೆ ಕೆಲಸ ಮಾಡುತ್ತವೆ.

ಮಕ್ಕಳು ಜಾಸ್ತಿ ಗೊಂದಲಪಡುವುದು ಡಿ ಸರಿಯಾಗಿ ಗೆರೆಯ ಮೇಲೇ ಬದಲಾದಾಗ. ಮೊದಲ ಫ್ಲಿಪ್-ಫ್ಲಾಪಿನ ಕ್ಯೂವನ್ನು ಎರಡನೆಯದರ ಡಿಗೆ ಕೊಟ್ಟು, ಎರಡಕ್ಕೂ ಒಂದೇ ಕ್ಲಾಕ್ ಕೊಟ್ಟರೆ ಹೀಗಾಗುತ್ತದೆ. ಅಂಥಲ್ಲಿ ಗೆರೆಯ ಎಡಗಡೆಯ ಬೆಲೆ ಓದಬೇಕು. ಕಾರಣ ಇದೆ. ಕ್ಲಾಕ್ ಏರಿದ ಮೇಲೆ ಮೊದಲನೆಯದರ ಕ್ಯೂ ಬದಲಾಗಲು ಕೆಲವು ನ್ಯಾನೋಸೆಕೆಂಡ್ ಬೇಕು. ಅಷ್ಟರಲ್ಲಿ ಎರಡನೆಯದು ಹಳೇ ಬೆಲೆ ಹಿಡಿದಾಗಿರುತ್ತದೆ. ನಮ್ಮ ಲೆಕ್ಕದಲ್ಲಿ ಎರಡನೇ ಕ್ಯೂ ಮೇಲಿರುವುದು 40ರಿಂದ, ಕ್ಲಾಕ್ ಮತ್ತೆ ಏರುವ 50ರವರೆಗೆ.

"ಸರ್, ತದಡಿಯಲ್ಲಿ ದೋಣಿ ಬಿಟ್ಟ ಮೇಲೆ ಬಂದವರು ಮುಂದಿನ ದೋಣಿಗೆ ಕಾಯ್ಬೇಕಲ್ವಾ, ಹಾಗೇನಾ?" ಎಂದಳು ಅಘನಾಶಿನಿಯ ಹುಡುಗಿ. ಹಾಗೇ.

ಆದರೆ ಡಿ ಹೊರಗಿನ ಸ್ವಿಚ್‌ನಿಂದ ಬರುತ್ತಿದ್ದರೆ ಈ ನಿಯಮ ನಂಬಬೇಡಿ. 74LS74ಕ್ಕೆ ಕ್ಲಾಕ್ ಏರುವ 20 ನ್ಯಾನೋಸೆಕೆಂಡ್ ಮೊದಲಿನಿಂದ, ಏರಿದ 5 ನ್ಯಾನೋಸೆಕೆಂಡ್ ನಂತರದವರೆಗೂ ಡಿ ಅಲುಗದೆ ಇರಬೇಕು. ಆ ಕಿಂಡಿಯೊಳಗೆ ಡಿ ಬದಲಾದರೆ ಕ್ಯೂ 0 ಆಗಬಹುದು, 1 ಆಗಬಹುದು, ಸ್ವಲ್ಪ ಹೊತ್ತು ಮಧ್ಯದಲ್ಲೇ ನಿಲ್ಲಲೂಬಹುದು. ಅಲ್ಲಿ ನಾವು ಕ್ಯೂಗೆ ಒಂದೇ ಗೆರೆ ಎಳೆಯುವುದಿಲ್ಲ, ಓರೆ ಗೀಟುಗಳನ್ನು ಹಾಕಿ ಬಿಡುತ್ತೇವೆ.