ಒಂದು ಕ್ಲಿಕ್ ಉಳಿಸಲು ಹೋಗಿ ನಾನು ಕಲಿತದ್ದು

ಶಿರಸಿಯ ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿದ ಮೇಲೆ ನಾನು ಕಂಪ್ಯೂಟರಿನಲ್ಲಿ ಡೋಟಾ 2 ಎಂಬ ತಂಡದ ಆಟ ಆಡಲು ಕೂರುತ್ತೇನೆ. ಕಾರವಾರದಿಂದ ಚಿಕ್ಕಪ್ಪನ ಮಗನೂ ಜೊತೆಗೆ ಸೇರುತ್ತಾನೆ. ನಾನು ಸಪೋರ್ಟ್, ಅಂದರೆ ತಂಡಕ್ಕೆ ನೆರವಾಗುವವನು, ಹೆಚ್ಚಾಗಿ ಲಯನ್ ಎಂಬ ಹೀರೋ. ಅವನು ಕ್ಯಾರಿ, ಕೊನೆಗೆ ಆಟ ಗೆಲ್ಲಿಸಬೇಕಾದವನು. ಅವನನ್ನು ಉಳಿಸುವುದೇ ನನ್ನ ಕೆಲಸ.

ಕಳೆದ ಮಳೆಗಾಲದಲ್ಲಿ ನಮಗೆ ಪದೇ ಪದೇ ಕಾಟ ಕೊಟ್ಟ ಎದುರಾಳಿ ಹೀರೋ ಟೈಡ್‌ಹಂಟರ್. ಅವನು ಬ್ಲಿಂಕ್ ಡ್ಯಾಗರ್‌ನಿಂದ ನಮ್ಮ ಮಧ್ಯೆ ಹಾರಿ ಬಂದು, ಸುತ್ತಲಿನವರೆಲ್ಲ ಕೆಲ ಕ್ಷಣ ಕದಲದಂತೆ ಮಾಡುವ ರ್‍ಯಾವೇಜ್ ಬಿಡುತ್ತಾನೆ. ರ್‍ಯಾವೇಜ್ ಶುರುವಾಗಲು ಅವನಿಗೆ 0.3 ಸೆಕೆಂಡು ಬೇಕು. ಅಷ್ಟರೊಳಗೆ, ಶತ್ರುವನ್ನು ಕೆಲ ಕ್ಷಣ ಸಣ್ಣ ಪ್ರಾಣಿಯಾಗಿಸುವ ಲಯನ್‌ನ ಹೆಕ್ಸ್ ತಾಗಿದರೆ ಅದು ನಿಂತುಹೋಗುತ್ತದೆ. ನನ್ನ ಹೆಕ್ಸ್ ಮಾತ್ರ ಪ್ರತಿ ಸಲ ತಡ. "ಎಂಥ ಮಾಡ್ತಿದ್ದೆ ಮಾರಾಯ, ಅವ ನಿನ್ನ ಕಣ್ಣೆದುರೇ ಬಂದಿದ್ದ" ಎಂದು ತಮ್ಮ ಕೇಳುತ್ತಿದ್ದ.

ಆಗ ನಾನು ಕ್ಲಿಕ್ ಕಾಸ್ಟ್‌ನಲ್ಲಿ ಆಡುತ್ತಿದ್ದೆ. ಹೆಕ್ಸ್ ಹಾಕಲು W ಕೀ ಒತ್ತಬೇಕು, ಕರ್ಸರ್ ಗುರಿಯ ಗುರುತಾಗಿ ಬದಲಾಗುತ್ತದೆ, ಆಮೇಲೆ ಶತ್ರುವಿನ ಮೇಲೆ ಎಡ ಕ್ಲಿಕ್. ಕ್ವಿಕ್ ಕಾಸ್ಟ್‌ನಲ್ಲಿ ಆ ಕ್ಲಿಕ್ ಇಲ್ಲ. W ಒತ್ತಿದಾಗ ಕರ್ಸರ್ ಯಾರ ಮೇಲಿದೆಯೋ ಅವರಿಗೇ ಸ್ಪೆಲ್ ಹೋಗುತ್ತದೆ.

ಎಷ್ಟು ಸಮಯ ಉಳಿಯುತ್ತದೆ ಎಂದು ನೋಡಲೇಬೇಕು ಅನ್ನಿಸಿತು. ತಮ್ಮ ಹಬ್ಬಕ್ಕೆ ಬಂದಾಗ ಫೋನನ್ನು ಪುಸ್ತಕಗಳ ಮೇಲೆ ನಿಲ್ಲಿಸಿ, ನನ್ನ ಎರಡೂ ಕೈ ಮತ್ತು ಪರದೆ ಒಟ್ಟಿಗೆ ಕಾಣುವಂತೆ ಸ್ಲೋ ಮೋಷನ್ ವಿಡಿಯೋ ತೆಗೆದ. ಸೆಕೆಂಡಿಗೆ 240 ಫ್ರೇಮ್, ಅಂದರೆ ಒಂದು ಫ್ರೇಮ್‌ಗೆ ಸುಮಾರು 4 ಮಿಲಿಸೆಕೆಂಡು. ಟೈಡ್ ಪರದೆಯಲ್ಲಿ ಕಂಡಾಗಿನಿಂದ ನನ್ನ ಬೆರಳು W ಒತ್ತುವವರೆಗೆ ಸುಮಾರು 55 ಫ್ರೇಮ್, ಅಂದರೆ 230 ಮಿಲಿಸೆಕೆಂಡು. W ಕೆಳಗೆ ಹೋದ ಮೇಲೆ ಮೌಸ್ ಕ್ಲಿಕ್ ಆಗುವವರೆಗೆ ಇನ್ನೂ 36 ಫ್ರೇಮ್, ಸುಮಾರು 150. ನನಗೆ ಎರಡೂ ಒಟ್ಟಿಗೆ ಆದಂತೆ ಅನ್ನಿಸುತ್ತಿತ್ತು. ವಿಡಿಯೋದಲ್ಲಿ ಕೀ ಒತ್ತಿದ ಬೆರಳು ಮೇಲೆದ್ದು ಬಂದ ಮೇಲೆ ಮೌಸಿನ ಬೆರಳು ಕೆಳಗೆ ಹೋಗುವುದು ಸ್ಪಷ್ಟವಾಗಿ ಕಾಣುತ್ತಿತ್ತು.

ಇದಕ್ಕೆ ಪಿಂಗ್, ಅಂದರೆ ಆಟದ ಸರ್ವರಿಗೆ ಹೋಗಿ ಬರುವ ಸಮಯ ಸೇರಿಸಿ, ನಮ್ಮಲ್ಲಿ ಸುಮಾರು 40. ಕ್ಲಿಕ್ ಕಾಸ್ಟ್‌ನಲ್ಲಿ ಒಟ್ಟು 420, ಕ್ವಿಕ್ ಕಾಸ್ಟ್‌ನಲ್ಲಿ 270. ಟೈಡ್ ಕೊಡುವುದು 300. ಅಂದರೆ ಇಷ್ಟು ದಿನ ನಾನು ಗೆಲ್ಲಲಾಗದ ಓಟ ಓಡುತ್ತಿದ್ದೆ.

ಅವತ್ತೇ ಎಲ್ಲ ಕೀಗಳನ್ನೂ ಕ್ವಿಕ್ ಕಾಸ್ಟ್‌ಗೆ ಬದಲಿಸಿದೆ. ಮುಂದಿನ ವಾರ ಆಟ ಇನ್ನೂ ಹಾಳಾಯಿತು. ಒಂದು ಸಲ ಟೈಡ್ ಬಂದ, ನಾನು ಸರಿಯಾದ ಹೊತ್ತಿಗೇ ಒತ್ತಿದೆ, ಹೆಕ್ಸ್ ಪಕ್ಕದಲ್ಲಿದ್ದ ಪುಟ್ಟ ಸೈನಿಕ ಕ್ರೀಪ್‌ಗೆ ತಾಗಿತು. ಕಾರಣ ಗೊತ್ತಾಗಲು ಎರಡು ದಿನ ಬೇಕಾಯಿತು. ಕ್ಲಿಕ್ ಕಾಸ್ಟ್‌ನಲ್ಲಿ ಮೊದಲು ಕೀ, ಆಮೇಲೆ ಗುರಿ. ಆ 150 ಮಿಲಿಸೆಕೆಂಡಿನಲ್ಲೇ ನನ್ನ ಕೈ ಮೌಸನ್ನು ಸರಿಯಾದ ಜಾಗಕ್ಕೆ ತರುತ್ತಿತ್ತು. ಅದು ಬರೀ ವ್ಯರ್ಥ ಸಮಯ ಆಗಿರಲಿಲ್ಲ. ಕ್ವಿಕ್ ಕಾಸ್ಟ್‌ನಲ್ಲಿ ಮೊದಲು ಗುರಿ, ಆಮೇಲೆ ಕೀ. ಹಳೆಯ ಅಭ್ಯಾಸದ ಬೆರಳು ಮೌಸ್ ತಲುಪುವ ಮೊದಲೇ ಒತ್ತಿಬಿಡುತ್ತಿತ್ತು. ಸ್ಪೆಲ್ ಗುರಿಯ ಹಿಂದೆ ಅಥವಾ ಪಕ್ಕಕ್ಕೆ ಬೀಳುತ್ತಿದ್ದರೆ ತೊಂದರೆ ಇದೇ ಎಂದು ತಿಳಿಯಿರಿ.

ಹಾಗಾಗಿ ಬದಲಿಸಬೇಕಾದದ್ದು ಕರ್ಸರ್ ಇಡುವ ಜಾಗ. ಈಗ ತಂಡದ ಜಗಳ ಶುರುವಾಗುವ ಮುನ್ನ ಕರ್ಸರನ್ನು ತಮ್ಮನ ಹೀರೋ ಹತ್ತಿರವೇ ಇಟ್ಟಿರುತ್ತೇನೆ. ಟೈಡ್ ಹಾರುವುದು ಅಲ್ಲಿಗೇ ಅಲ್ವಾ. ಕೈ ಆಗ ಒಂದೆರಡು ಸೆಂಟಿಮೀಟರ್ ಸರಿದರೆ ಸಾಕು. ಕ್ಲಿಕ್ ಕಾಸ್ಟ್‌ನಲ್ಲೂ W ಮೊದಲೇ ಒತ್ತಿ ಕಾಯಬಹುದು, ಆಗ ಅದೂ ಒಂದೇ ಕ್ಲಿಕ್‌ನ ಕೆಲಸ. ಆದರೆ ನಡೆಯಲು ಬಲ ಕ್ಲಿಕ್ ಮಾಡಿದ ಕೂಡಲೇ ಆ ಗುರಿ ರದ್ದಾಗುತ್ತದೆ. ನಿಂತಲ್ಲೇ ನಿಂತ ಲಯನ್ ಬೇಗ ಸಾಯುತ್ತಾನೆ.

ಇನ್ನೊಂದು ಸಣ್ಣ ವಿಷಯ. ಸೆಟ್ಟಿಂಗ್‌ನಲ್ಲಿ Quickcast On Key Down ಎಂಬುದಿದೆ. ಅದು ಆಫ್ ಇದ್ದರೆ ಕೀ ಒತ್ತಿದಾಗಲ್ಲ, ಬೆರಳು ಎತ್ತಿದಾಗ ಸ್ಪೆಲ್ ಹೋಗುತ್ತದೆ. ನನ್ನ ಬೆರಳು ಕೀ ಮೇಲೆ ಸುಮಾರು 20 ಫ್ರೇಮ್ ಇರುತ್ತದೆ, ಅಂದರೆ 80 ಮಿಲಿಸೆಕೆಂಡು ಸುಮ್ನೆ ಹೋಯಿತು. ಟೈಡ್ ವಿರುದ್ಧ ಅಷ್ಟೇ ಸಾಕು ಸೋಲಲು. ಇದನ್ನು ನಾನು ಆನ್ ಮಾಡಿಟ್ಟಿದ್ದೇನೆ.

ಒಬ್ಬರನ್ನು ಮುಂದಕ್ಕೆ ತಳ್ಳುವ ಫೋರ್ಸ್ ಸ್ಟಾಫ್ ಮಾತ್ರ ವಾಪಸ್ ಕ್ಲಿಕ್ ಕಾಸ್ಟ್‌ಗೆ ತಂದೆ. ಐದಾರು ಹೀರೋಗಳು ಒಬ್ಬರ ಮೇಲೊಬ್ಬರು ನಿಂತಿರುವಾಗ ತಮ್ಮನನ್ನು ಆರಿಸಲು ನನಗೆ ಕೀ ಒತ್ತಿದ ಮೇಲೆ ಒಂದು ಕ್ಷಣ ನೋಡುವುದು ಬೇಕು, ತಪ್ಪು ಅನ್ನಿಸಿದರೆ ಬಲ ಕ್ಲಿಕ್‌ನಿಂದ ಬಿಡಲೂ ಬರಬೇಕು. ಒಮ್ಮೆ ಕ್ವಿಕ್ ಕಾಸ್ಟ್‌ನಲ್ಲಿ ಟೈಡ್‌ನನ್ನೇ ಅವನ ಮೇಲೆ ತಳ್ಳಿದ್ದೆ. ಅದಾದ ಮೇಲೆ ತಮ್ಮ, "ಅಣ್ಣ, ಫೋರ್ಸ್ ತಡ ಆದ್ರೂ ಅಡ್ಡಿಲ್ಲೆ, ನಂಗೇ ಹಾಕು" ಎಂದ. ಹಾಗೇ ಮಾಡುತ್ತಿದ್ದೇನೆ.