ಪರೀಕ್ಷಕ ಮಾದರಿಯಿಂದ ‘ಗೊತ್ತಿಲ್ಲ’ ಎನ್ನಿಸಿದ ಬಗೆ

ಸರ್ಕಾರಿ ಸೇವೆಗಳ ಬಗ್ಗೆ ಜನ ಕನ್ನಡದಲ್ಲಿ ಕೇಳುವ ಪ್ರಶ್ನೆಗಳಿಗೆ ಭಾಷಾ ಮಾದರಿ ಬರೆದ ಉತ್ತರಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಎಲ್ಲವನ್ನೂ ಕೂತು ಓದುವುದು ಆಗದ ಮಾತು. ಹಾಗಾಗಿ ಇನ್ನೊಂದು ಮಾದರಿಯನ್ನು ಪರೀಕ್ಷಕನ ಜಾಗದಲ್ಲಿ ಕೂರಿಸಿ, ಪ್ರಶ್ನೆ, ಉತ್ತರ ಮತ್ತು ಮಾನದಂಡಗಳ ಪಟ್ಟಿಯನ್ನು ಅದರ ಮುಂದಿಡುತ್ತೇನೆ. ಒಂದೊಂದು ಮಾನದಂಡಕ್ಕೂ ಅದು ತೀರ್ಪು ಬರೆಯುತ್ತದೆ.

ಒಂದು ಉದಾಹರಣೆ ನೋಡೋಣ. ಪಹಣಿಯ ಪ್ರತಿ ಎಲ್ಲಿ ಸಿಗುತ್ತದೆ, ಎಷ್ಟು ಹಣ ಕಟ್ಟಬೇಕು ಎಂಬುದು ಪ್ರಶ್ನೆ. ನಾಡಕಚೇರಿಯಲ್ಲಿ ಸಿಗುತ್ತದೆ, ಶುಲ್ಕ 25 ರೂಪಾಯಿ ಎಂದು ಉತ್ತರ. ಮಾನದಂಡಗಳು ಎರಡು: ಎಲ್ಲಿ ಸಿಗುತ್ತದೆಂದು ಉತ್ತರ ಹೇಳಿದೆಯೇ? ಹೇಳಿದ ಶುಲ್ಕ ಈಗ ಜಾರಿಯಲ್ಲಿರುವುದೇ? ಮೊದಲನೆಯದನ್ನು ಉತ್ತರ ಓದಿದರೆ ತೀರ್ಮಾನಿಸಬಹುದು. ಎರಡನೆಯದಕ್ಕೆ ಶುಲ್ಕದ ಆದೇಶವೇ ಬೇಕು, ಅದು ಪರೀಕ್ಷಕನ ಮುಂದಿಲ್ಲ. ಹೌದು ಅಥವಾ ಇಲ್ಲ ಎಂಬ ಎರಡೇ ಆಯ್ಕೆ ಕೊಟ್ಟರೆ ಅದು ಊಹಿಸಲೇಬೇಕು. ಉತ್ತರದ ಧಾಟಿ ಖಚಿತವಾಗಿದ್ದಷ್ಟೂ ಊಹೆ ‘ಹೌದು’ ಕಡೆಗೇ ವಾಲುತ್ತದೆ.

ಊಹೆಯನ್ನು ಹಿಡಿಯಲು ನಾನು ನೆಚ್ಚಿಕೊಂಡಿರುವುದು ಒಂದು ಸರಳ ಪರೀಕ್ಷೆ. ಅದೇ ಉತ್ತರದಲ್ಲಿ 25 ಇದ್ದ ಕಡೆ 40 ಎಂದು ಬರೆದು ಮತ್ತೆ ಕೊಡುತ್ತೇನೆ. ಎರಡಕ್ಕೂ ‘ಸರಿ’ ಎಂಬ ತೀರ್ಪು ಬಂದರೆ ಪರೀಕ್ಷಕ ಶುಲ್ಕವನ್ನು ತಾಳೆ ನೋಡಿಲ್ಲ, ವಾಕ್ಯದ ಗತ್ತಿಗೆ ಅಂಕ ಕೊಟ್ಟಿದೆ ಎಂದೇ ಅರ್ಥ. ಆಮೇಲೆ ಶುಲ್ಕದ ಪಟ್ಟಿಯನ್ನೂ ಜೊತೆಗಿಟ್ಟು ಕೇಳುತ್ತೇನೆ. ಆಗ ಒಂದು ಮೊತ್ತಕ್ಕೆ ಸರಿ, ಇನ್ನೊಂದಕ್ಕೆ ತಪ್ಪು ಎಂಬ ತೀರ್ಪು ಬರಬೇಕು. ಪಟ್ಟಿ ಇಲ್ಲದಾಗ ಎರಡಕ್ಕೂ ‘ಗೊತ್ತಿಲ್ಲ’ ಬರಬೇಕು.

ಇದಕ್ಕಾಗಿ ತೀರ್ಪಿನ ನಮೂನೆಯನ್ನೇ ಬದಲಿಸಿದೆ:

```json
{
  "evidence": "ಶುಲ್ಕ 25 ರೂಪಾಯಿ",
  "missing_fact": "ಈಗ ಜಾರಿಯಲ್ಲಿರುವ ಶುಲ್ಕ",
  "verdict": "unknown"
}
```

ಇಲ್ಲಿ ಕ್ರಮ ಮುಖ್ಯ. ಮಾದರಿ ಮೇಲಿನಿಂದ ಕೆಳಕ್ಕೆ ಬರೆದುಕೊಂಡು ಹೋಗುವುದರಿಂದ, ತೀರ್ಪನ್ನು ಮೊದಲು ಕೇಳಿದರೆ ಉಳಿದದ್ದೆಲ್ಲ ಅದರ ಸಮರ್ಥನೆಯಾಗಿಬಿಡುತ್ತದೆ. ಆಧಾರದ ಸಾಲನ್ನು ಎತ್ತಿ ಬರೆದು, ಕೊರತೆಯಾದ ಸಂಗತಿಯನ್ನು ಹೆಸರಿಸಿದ ಮೇಲೆ ತೀರ್ಪಿಗೆ ಬಂದರೆ ಊಹೆಗೆ ಅವಕಾಶ ಕಡಿಮೆ. ತೀರ್ಪನ್ನು `met`, `not_met`, `unknown` ಎಂಬ ಪದಗಳಲ್ಲೇ ಇಟ್ಟಿದ್ದಕ್ಕೂ ಕಾರಣವಿದೆ. ಪೈಥಾನ್‌ನಲ್ಲಿ ಖಾಲಿ ಬೆಲೆಯಾದ `None` ಇಟ್ಟರೆ `if not verdict` ಎಂಬ ಸಾಲು ಅದನ್ನು ‘ಇಲ್ಲ’ ಎಂದೇ ಓದುತ್ತದೆ. ತಿಳಿಯದ್ದು ಸದ್ದಿಲ್ಲದೆ ತಪ್ಪಿನ ಲೆಕ್ಕಕ್ಕೆ ಸೇರುತ್ತದೆ.

ಮೂರನೆಯ ಬಾಗಿಲು ತೆರೆದ ಕೂಡಲೇ ಹೊಸ ತೊಂದರೆ ಶುರುವಾಗುತ್ತದೆ. ಸ್ವಲ್ಪ ಕಷ್ಟವೆನಿಸಿದ್ದಕ್ಕೆಲ್ಲ ಪರೀಕ್ಷಕ ಆ ಬಾಗಿಲಿನಿಂದಲೇ ಜಾರಿಕೊಳ್ಳುತ್ತದೆ. ಉತ್ತರ ಶುಲ್ಕದ ಮಾತೇ ಎತ್ತದಿದ್ದರೆ, ‘ಶುಲ್ಕ ಹೇಳಿದೆಯೇ?’ ಎಂಬುದಕ್ಕೆ ತೀರ್ಪು `not_met`. ಹೇಳಿಲ್ಲ ಎನ್ನುವುದು ಕಣ್ಣೆದುರಿಗೇ ಇದೆ. ಅದೇ ಪ್ರತಿಗೆ ಒಂದು ಕಡೆ 25, ಎರಡು ಸಾಲು ಕೆಳಗೆ 40 ಎಂದಿದ್ದರೆ, ‘ಹೇಳಿದ ಶುಲ್ಕ ಈಗ ಜಾರಿಯಲ್ಲಿರುವುದೇ?’ ಎಂಬುದಕ್ಕೂ `not_met`. ನಿಜವಾದ ಶುಲ್ಕ ಎಷ್ಟೇ ಇರಲಿ, ಎರಡೂ ಒಟ್ಟಿಗೆ ಸರಿಯಾಗಲು ಸಾಧ್ಯವಿಲ್ಲ. ಕೂಡುವ ಲೆಕ್ಕ, ಬದಲಾಗದ ಸಾಮಾನ್ಯ ಜ್ಞಾನ ಇವಕ್ಕೂ ಹೊರಗಿನ ದಾಖಲೆ ಬೇಡ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ ಎಂಬುದಕ್ಕೆ ಆದೇಶದ ಪ್ರತಿ ಕೇಳುತ್ತಾ ಕೂರುವುದು ಕಳ್ಳಾಟ. ಶುಲ್ಕ, ಗಡುವು, ಕಚೇರಿಯ ವೇಳೆಯಂಥ ಬದಲಾಗುವ ಸಂಗತಿಗಳಿಗೆ ಮಾತ್ರ ನಾನು ಆಧಾರ ಬೇಡುತ್ತೇನೆ. ಇವೆಲ್ಲವನ್ನೂ ಸೂಚನೆಯಲ್ಲಿ ಬರೆದು, ಉತ್ತರದಿಂದಲೇ ತೀರ್ಮಾನಿಸಬಹುದಾದ ಮಾನದಂಡಗಳನ್ನು ಬೇಕೆಂದೇ ಬೆರೆಸುತ್ತೇನೆ. ಅವಕ್ಕೂ `unknown` ಬಂದರೆ ಸೂಚನೆ ಸಡಿಲವಾಗಿದೆ.

ಮಾನದಂಡವನ್ನು ಒಡೆಯುವುದು ಇನ್ನೊಂದು ದಾರಿ. ‘ಸರಿಯಾದ ಶುಲ್ಕವನ್ನು ಸ್ಪಷ್ಟವಾಗಿ ತಿಳಿಸಿದೆಯೇ’ ಎಂಬ ಒಂದೇ ಸಾಲಿನಲ್ಲಿ ಎರಡು ಪ್ರಶ್ನೆಗಳಿವೆ. ಸ್ಪಷ್ಟತೆಯನ್ನು ಬೇರೆ ಮಾಡಿದರೆ ಅದಕ್ಕೆ ತೀರ್ಪು ಸಿಗುತ್ತದೆ, ಸರಿಯೇ ಎಂಬುದು ಮಾತ್ರ ಬಾಕಿ ಉಳಿಯುತ್ತದೆ.

ಅಂಕ ಹಾಕುವಾಗ `unknown` ಅನ್ನು ಸೊನ್ನೆಯೂ ಮಾಡುವುದಿಲ್ಲ, ಅರ್ಧವೂ ಮಾಡುವುದಿಲ್ಲ. ತೀರ್ಮಾನವಾದವುಗಳಲ್ಲಿ ಎಷ್ಟು ಸರಿ ಎಂಬುದು ಒಂದು ಸಂಖ್ಯೆ, ಒಟ್ಟಿನಲ್ಲಿ ಎಷ್ಟು ತೀರ್ಮಾನವಾದವು ಎಂಬುದು ಇನ್ನೊಂದು. ಹತ್ತರಲ್ಲಿ ಎರಡಕ್ಕೆ ಮಾತ್ರ ತೀರ್ಪು ಸಿಕ್ಕಿ ಎರಡೂ ಸರಿಯಾದರೆ ಮೊದಲ ಸಂಖ್ಯೆ ಶೇಕಡ 100. ಎರಡನೆಯದನ್ನು ಪಕ್ಕದಲ್ಲಿ ಬರೆಯದಿದ್ದರೆ ಓದುವವರು ಮೋಸಹೋಗುತ್ತಾರೆ.

`missing_fact` ಸಾಲುಗಳನ್ನು ಒಟ್ಟುಗೂಡಿಸಿದಾಗ ಯಾವ ದಾಖಲೆ ತರಿಸಬೇಕೆಂಬ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಶುಲ್ಕದ ಪಟ್ಟಿ ಬಂದ ಮೇಲೆ ಬಾಕಿ ಉಳಿದ ಮಾನದಂಡಗಳನ್ನಷ್ಟೇ ಮರುಪರೀಕ್ಷೆಗೆ ಹಾಕುತ್ತೇನೆ. ಆದರೆ ಪಟ್ಟಿಯ ಮೇಲಿನ ದಿನಾಂಕವನ್ನೂ ಪರೀಕ್ಷಕನಿಗೆ ತೋರಿಸುತ್ತೇನೆ. ಅದು ಹಳೆಯದಾಗಿದ್ದರೆ ‘ಆ ದಿನಕ್ಕೆ ಸರಿ’ ಎನ್ನುವವರೆಗೆ ಮಾತ್ರ ಹೋಗಬಹುದು. ‘ಈಗ ಜಾರಿಯಲ್ಲಿದೆಯೇ’ ಎಂಬುದಕ್ಕೆ ತೀರ್ಪು ಆಗಲೂ `unknown`.